ಉಸಿರು ತೆಗೆದುಕೊಳ್ಳುವ ಜಾಗ

“ಬಂದ. ಬಾಗಿಲ ಕಡೆ ನೋಡಬೇಡಮ್ಮ,” ಎಂದು ತಾತ ಪಿಸುಗುಟ್ಟಿದ. “‘ಹೇಗಿದ್ದೀರಿ’ ಅಂತ ಮಾತ್ರ ಬಾಯ್ತಪ್ಪಿಯೂ ಕೇಳಬೇಡ. ಕೇಳಿದರೆ ನಮ್ಮ ಕಥೆ ಮುಗೀತು.”

ಹುಡುಗಿ ಏನೋ ಹೇಳಲು ಹೊರಟಳು. ತಾತ ತುಟಿಯ ಮೇಲೆ ಬೆರಳಿಟ್ಟ. ಕೂರಲು ಸ್ಟೂಲು ಎಳೆದುಕೊಟ್ಟು ಆಗಲೇ ಬಹಳ ಹೊತ್ತಾಗಿತ್ತು. ಅವಳು ಹೆಗಲ ಚೀಲವನ್ನೂ ಇಳಿಸದೆ ತುದಿಯಲ್ಲಿ ಕೂತಿದ್ದಳು. ಮೊದಲ ದಿನ, ಸಂಕೋಚ ಇರುವುದೇ ಎಂದುಕೊಂಡ ತಾತ.

ಕನ್ನಡಕದ ಅಂಗಡಿಯ ಕೌಂಟರು ತಾತನ ಪ್ರಪಂಚ. ಅದು ಇವತ್ತು ಅಲುಗಾಡತೊಡಗಿತ್ತು. ಬೆಳಗ್ಗೆಯೇ ಮಾಲೀಕ ಮುಖ ಗಂಟಿಕ್ಕಿಕೊಂಡು ಹೇಳಿದ್ದ: “ಗಿರಾಕಿಗಳು ಕಾದು ಕಾದು ವಾಪಸ್ ಹೋಗ್ತಿದಾರೆ, ತಾತ. ಇವತ್ತು ಹೊಸ ಹುಡುಗಿ ಬರ್ತಾಳೆ. ಆಮೇಲೂ ಹೀಗೇ ಆದರೆ ನೀವು ಹಿಂದಿನ ಕೋಣೇಲಿ ಗಾಜು ಉಜ್ಜಿಕೊಂಡು ಇರಿ.” ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಅಲ್ಲಿರುವುದು ಉಜ್ಜುವ ಯಂತ್ರ, ಅದರ ಗೊರಗೊರ, ಅಷ್ಟೆ. ಮನೆಯಲ್ಲಾದರೂ ಅಷ್ಟೆ, ಅಲ್ಲಿ ಯಂತ್ರವೂ ಇಲ್ಲ. ಕೌಂಟರು ಕೈತಪ್ಪಿದರೆ ಇಡೀ ದಿನದಲ್ಲಿ ತನ್ನ ಜೊತೆ ಮಾತಾಡುವವರು ಒಬ್ಬರೂ ಇರುವುದಿಲ್ಲ ಎಂಬ ಭಯ ಅವನ ಎದೆಯಲ್ಲಿ ಕೂತುಬಿಟ್ಟಿತ್ತು.

ತಪ್ಪು ತನ್ನದಲ್ಲ, ಮಾತುಗಾರರದು. ಅವರನ್ನು ಸಂಭಾಳಿಸುವ ಬಗೆ ಈ ಹುಡುಗಿಗೆ ಬಂದುಬಿಟ್ಟರೆ ಸಾಲು ತಾನಾಗಿ ಕರಗುತ್ತದೆ, ಮಾಲೀಕನ ಬಾಯಿ ಮುಚ್ಚುತ್ತದೆ. ಅದಕ್ಕೇ ಅವಳು ಬಾಗಿಲು ದಾಟಿದ ಗಳಿಗೆಯಿಂದ ತಾತ ಪಾಠ ಶುರುಮಾಡಿದ್ದ.

ಬಂದವನನ್ನು ಬೀದಿಯವರೆಲ್ಲ ರೈಲು ಎನ್ನುತ್ತಿದ್ದರು. ಒಂದು ಡಬ್ಬಿ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು.

“ಬನ್ನಿ ಸ್ವಾಮಿ, ಕನ್ನಡಕ ಕೊಡಿ. ಎರಡು ನಿಮಿಷದಲ್ಲಿ ಸರಿಮಾಡ್ತೀನಿ, ಆಮೇಲೆ ಒಳಗೆ ಕೆಲಸ ಇದೆ,” ಎಂದ ತಾತ. ಹುಡುಗಿಯ ಕಡೆ ಕಣ್ಣು ಮಿಟುಕಿಸಿದ. ಹೊತ್ತಿನ ಗಡಿಯನ್ನು ಮೊದಲೇ ಹೇಳಬೇಕು, ಮಧ್ಯೆ ಹೇಳಿದರೆ ಅವಮಾನ ಎಂದು ಅವಳಿಗೆ ಆಗಲೇ ತಿಳಿಸಿಯಾಗಿತ್ತು.

ರೈಲು ಹೊರಟಿತು. ಕಡ್ಡಿ ಸಡಿಲವಾಗಿದ್ದು ಬಸ್ಸಿನಲ್ಲಿ, ಬಸ್ಸು ಹತ್ತಿದ್ದು ತಂಗಿಯ ಮನೆಗೆ ಹೋಗಲು, ತಂಗಿಯ ಗಂಡ ಹಿಂದೆ ಒಂದು ನಾಯಿ ಸಾಕಿದ್ದ, ಆ ನಾಯಿ ಇತ್ತಲ್ಲ... ತಾತ ತಲೆಯೆತ್ತಲಿಲ್ಲ. ಕಡ್ಡಿಯ ತುದಿಯನ್ನು ಬಿಸಿಗಾಳಿಗೆ ಹಿಡಿದು ಕಿವಿಯ ಅಳತೆಗೆ ಬಾಗಿಸಿದ, ಪುಟ್ಟ ತಿರುಪನ್ನು ಬಿಗಿದ. ‘ಹೌದಾ?’ ಎನ್ನಲಿಲ್ಲ, ‘ಹೂಂ’ಗುಟ್ಟಲಿಲ್ಲ. ಒಂದೊಂದು ‘ಹೂಂ’ ಕೂಡ ಒಲೆಗೆ ಹಾಕಿದ ಸೌದೆ. ನಾಯಿ ಕಳೆದುಹೋದ ಸಂಜೆಗೆ ಬಂದು ರೈಲು ಉಸಿರು ತೆಗೆದುಕೊಳ್ಳಲು ನಿಂತ. ತಾತ ಕಾದಿದ್ದು ಅದಕ್ಕೇ.

“ಸ್ವಾಮಿ,” ಎಂದು ಮೆಲ್ಲಗೆ ಕರೆದ. “ಆ ನಾಯಿ ಅಂದ್ರೆ ನಿಮಗೆ ಪ್ರಾಣ. ಅದು ಹೋದಮೇಲೆ ತಂಗಿ ಮನೆಗೆ ಹೋಗೋಕೂ ಮನಸ್ಸಾಗಲ್ಲ.”

ರೈಲಿನ ಬಾಯಿ ಹಾಗೇ ನಿಂತಿತು. “ಹೌದು ನೋಡಿ,” ಎಂದ.

ತಾತ ಕೌಂಟರು ಸುತ್ತಿ ಬಂದು, ತಾನೇ ಅವನ ಮೂಗಿಗೆ ಕನ್ನಡಕ ಏರಿಸಿ, ಮಾತಾಡುತ್ತಲೇ ಬಾಗಿಲವರೆಗೆ ನಡೆಸಿದ. “ಗುರುವಾರ ಬೆಳಗ್ಗೆ ಬನ್ನಿ, ಮತ್ತೊಮ್ಮೆ ನೋಡೋಣ.” ರೈಲು ಹೊರಗೆ ನಿಂತು ಒಮ್ಮೆ ತಿರುಗಿ ನೋಡಿ, ಹೋಗುವ ಜಾಗವೇ ಇಲ್ಲದವನಂತೆ ನಿಧಾನವಾಗಿ ನಡೆದುಹೋದ. ತಾತನಿಗೆ ಪಿಚ್ಚೆನಿಸಿತು. ಆ ನಡಿಗೆ ಅವನಿಗೆ ಚೆನ್ನಾಗಿ ಗೊತ್ತು. ಅಂಗಡಿ ಮುಚ್ಚಿದ ಮೇಲೆ ಅವನೂ ಹಾಗೇ ನಡೆಯುತ್ತಿದ್ದ.

“ನೋಡಿದೆಯಾ?” ಎಂದು ಹುಡುಗಿಯತ್ತ ತಿರುಗಿದ. “ಅವರ ಮಾತು ನಮಗೆ ಮುಟ್ಟಿದೆ ಅಂತ ತೋರಿಸಬೇಕು. ಮುಟ್ಟಿಲ್ಲ ಅನ್ನಿಸೋದಕ್ಕೇ ಅವರು ಹೇಳಿದ್ದೇ ಹೇಳೋದು. ಸಾರ ಒಂದೇ ಮಾತಲ್ಲಿ ಹೇಳು, ಪ್ರಶ್ನೆ ಕೇಳಬೇಡ, ಎದ್ದು ನಿಲ್ಲು, ಮತ್ತೆ ಬರೋಕೆ ಒಂದು ದಿನ ಕೊಡು. ದಿನ ಕೊಡದೆ ಕಳಿಸೋದು ಪಾಪ.”

ಅಲ್ಲಿಗೆ ಪಾಠ ಮುಗಿಯಬೇಕಿತ್ತು. ಆದರೆ ಈ ಉಪಾಯ ತನಗೆ ಹೊಳೆದದ್ದು ಹೇಗೆ ಎಂದು ಹೇಳದಿದ್ದರೆ ಅವಳಿಗೆ ಅರ್ಥವಾಗುವುದಾದರೂ ಹೇಗೆ? ತಾತ ಹೇಳತೊಡಗಿದ: ಒಬ್ಬಳು ಟೈಪಿಸ್ಟ್ ಬರುತ್ತಿದ್ದಳು, ಅವಳ ಅತ್ತೆಗೆ ಕಣ್ಣಿನ ಪೊರೆ, ಆ ಅತ್ತೆಯ ಮಾತು ಕೇಳುತ್ತ ಕೇಳುತ್ತ ತಾತ ಒಮ್ಮೆ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿದ್ದ. ಆಗ ಅವನ ಹೆಂಡತಿ ಬದುಕಿದ್ದಳು. ರಾತ್ರಿ ಊಟಕ್ಕೆ ಕೂತಾಗ ಅದನ್ನು ಹೇಳಿದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಎಷ್ಟು ಸಲ ಹೇಳಿದರೂ ಹೊಸದಾಗಿ ಕೇಳುತ್ತಿದ್ದಳು, ಪುಣ್ಯಾತ್ಗಿತ್ತಿ. ಹೊರಗೆ ಇಬ್ಬರು ಗಾಜಿನ ಬಾಗಿಲಲ್ಲಿ ಇಣುಕಿ, ತಾತನನ್ನು ಕಂಡು, ಮುಖ ಮುಖ ನೋಡಿಕೊಂಡು ಹೊರಟುಹೋದರು. ಈಗಿನವರಿಗೆ ತಾಳ್ಮೆ ಎಂಬುದೇ ಇಲ್ಲ ಎಂದುಕೊಂಡ ತಾತ ಉಸಿರು ತೆಗೆದುಕೊಂಡ.

“ತಾತ,” ಎಂದು ಹುಡುಗಿ ಮೆಲ್ಲಗೆ ಕರೆದಳು. ಎದ್ದು ನಿಂತಿದ್ದಳು. “ಅಜ್ಜಿ ಹೋದಮೇಲೆ ನಿಮ್ಮ ಮಾತು ಕೇಳೋರು ಯಾರೂ ಇಲ್ಲ.”

ತಾತನ ಬಾಯಿ ಹಾಗೇ ನಿಂತಿತು. ಕಣ್ಣೀರಿನ ಜೊತೆಗೇ ಹೆಮ್ಮೆಯೂ ಉಕ್ಕಿತು. ಎಷ್ಟು ಬೇಗ ಕಲಿತಳು! ಇಂಥವಳು ಪಕ್ಕದಲ್ಲಿದ್ದರೆ ಇನ್ನು ಯಾವ ಮಾಲೀಕನಿಗೂ ಹೆದರಬೇಕಿಲ್ಲ.

“ಶನಿವಾರ ಸಂಜೆ ಬರ್ತೀನಿ, ಉಳಿದ ಕಥೆ ಹೇಳಿ,” ಎಂದಳು ಹುಡುಗಿ. “ಈಗ ನಮ್ಮಮ್ಮನ ಕನ್ನಡಕ ಕೊಟ್ಟುಬಿಡಿ ತಾತ. ಅದನ್ನ ತಗೊಂಡು ಹೋಗೋಣ ಅಂತ ಬಂದು, ನಿಮಗೆ ಬರೀ ನಮಸ್ಕಾರ ಅಂದೆ, ಅಷ್ಟೆ.”