ಸಮತೂಕದ ಉಡುಗೊರೆ

ಎರಡೂ ಪೆಟ್ಟಿಗೆಗಳನ್ನು ಜಯಲತಾ ಮೂರನೆಯ ಸಲ ತಕ್ಕಡಿಗೆ ಏರಿಸಿದಳು. ಕೆಂಪು ಕಾಗದದ್ದು ಇನ್ನೂ ನೂರು ಗ್ರಾಂ ಹಗುರ.

ಡೊಂಬಿವಲಿ ಸ್ಟೇಷನ್ನಿನ ಹೊರಗೆ ತರಕಾರಿ ಮಾರುವ ಯಂಕಣ್ಣ ಅದುವರೆಗೆ ತನ್ನ ತಕ್ಕಡಿ ಬಿಟ್ಟುಕೊಟ್ಟಿದ್ದ. ಈಗ ಅವನ ತಾಳ್ಮೆಯೂ ಮುಗಿಯಿತು. "ಅಕ್ಕಾರ, ಗಿರಾಕಿ ನಿಂತಾರ್ರಿ. ಇದನ್ನ ಕೊಡಾಕ ಒಯ್ಯಾಕತ್ತೀರೋ, ಮಾರಾಕೋ?"

"ಅವಳಿ ಮಕ್ಕಳಿಗೆ ಕೊಡ್ಲಿಕ್ಕೆ ಮಾರಾಯ. ತೂಕ ಹೆಚ್ಚುಕಮ್ಮಿ ಆದ್ರೆ ನನ್ನ ಕತೆ ಮುಗೀತು."

ಅವಳು ಟೇಪು ಬಿಚ್ಚಿ ಕೆಂಪು ಪೆಟ್ಟಿಗೆಗೆ ಇನ್ನೆರಡು ಟೆನಿಸ್ ಚೆಂಡು ತುರುಕಿದಳು. ಅಂಕಿ ಸರಿಹೋಯಿತು. ಯಂಕಣ್ಣ ಕೈಮುಗಿದು ಬೀಳ್ಕೊಟ್ಟ.

ಕತೆ ಮುಗಿಯುವುದೆಂದರೆ ಬಾಯಿಮಾತಲ್ಲ. ಐವತ್ತು ದಾಟಿದ, ಮದುವೆಯ ಗೊಡವೆಗೇ ಹೋಗದ ಜಯಲತಾಳಿಗೆ ತನ್ನವೆಂದು ಹೇಳಿಕೊಳ್ಳಲು ಇದ್ದ ಮಕ್ಕಳು ಇಬ್ಬರೇ: ಕೋಪರಖೈರಣೆಯ ತಮ್ಮ ಜಯಶೀಲನ ಅವಳಿಗಳು, ನಿಕಿತಾ ಮತ್ತು ಮನೀಶ. ಅವರ ಪ್ರತಿ ಹುಟ್ಟುಹಬ್ಬಕ್ಕೂ ಇವಳು ಹೋಗುತ್ತಾಳೆ, ಪ್ರತಿ ಹುಟ್ಟುಹಬ್ಬಕ್ಕೂ ಯಾರಾದರೊಬ್ಬರು ಅಳುತ್ತಾರೆ. ಹೋದ ವಾರ ತಮ್ಮ, ಮಕ್ಕಳ ಕಿವಿಗೆ ಬೀಳದ ಹಾಗೆ ತಾನು ದುಡಿಯುವ ಹೋಟೆಲಿನಿಂದಲೇ ಫೋನು ಮಾಡಿದ್ದ. "ಬೇಜಾರು ಮಾಡ್ಕೊಳ್ಬೇಡ ಅಕ್ಕ. ಈ ಸಲವೂ ಒಬ್ಬರು ಅತ್ತರೆ, ಮುಂದಿನ ವರ್ಷದಿಂದ ನೀನು ಫೋನಲ್ಲೇ ಆಶೀರ್ವಾದ ಮಾಡು."

ಜಯಲತಾ ಆ ರಾತ್ರಿ ಊಟ ಮಾಡಲಿಲ್ಲ.

ಅವಳ ಅಪರಾಧಗಳೇನೂ ಸಣ್ಣವಲ್ಲ. ಏಳು ತುಂಬಿದಾಗ ಇಬ್ಬರಿಗೂ ಒಂದೇ ಬಗೆಯ ರಿಮೋಟ್ ಕಾರು ತಂದಳು. ಕಾರೆಂದರೆ ಆಗದ ನಿಕಿತಾ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ಎಂಟಕ್ಕೆ, ಇಬ್ಬರೂ ಸೇರಿ ಆಡಲಿ ಎಂದು ಕೇರಂ ಬೋರ್ಡು ತಂದಳು. ತನ್ನದೇ ಅನ್ನುವುದೊಂದೂ ಇಲ್ಲವೆಂದು ಮನೀಶ ಮಂಚದಡಿ ಸೇರಿ ಗೋಳಿಟ್ಟ. ಒಂಬತ್ತಕ್ಕೆ ಬುದ್ಧಿ ಬಂದು ಬೇರೆಬೇರೆ ತಂದಳು: ಚಿತ್ರ ಬರೆಯುವ ಮನೀಶನಿಗೆ ಆಳೆತ್ತರದ ಸ್ಟ್ಯಾಂಡು, ಕ್ರಿಕೆಟ್ಟಿನ ನಿಕಿತಾಳಿಗೆ ಅಂಗೈಯಗಲದ ಡಬ್ಬಿಯಲ್ಲಿ ಲೆದರ್ ಚೆಂಡು. ಬೆಲೆ ಒಂದೇ ಆಗಿತ್ತು. ಆದರೆ ಮಕ್ಕಳು ನೋಡುವುದು ಬಿಲ್ಲನ್ನಲ್ಲ, ಡಬ್ಬಿಯನ್ನು. ನಿಕಿತಾಳ ಅಳು ಲಿಫ್ಟಿನವರೆಗೂ ಕೇಳಿಸಿತು.

ಮೂರು ಸಲವೂ ತಪ್ಪಿಗೆ ದಂಡ ತೆತ್ತವಳು ಜಯಲತಾಳೇ. ಅತ್ತ ಮಗು ಸಮಾಧಾನ ಆಗುವವರೆಗೆ ಬೇಲಾಪುರದ ಕಚೇರಿಗೆ ರಜೆ ಹಾಕಿ ಅಲ್ಲೇ ಉಳಿದಳು. ನೀರುದೋಸೆ ಎರೆದಳು, ಇಬ್ಬರ ನಡುವೆ ಮಲಗಿ ಕತೆ ಹೇಳಿದಳು, ಕೊಲ್ಲಿಯ ದಂಡೆಗೆ ಕರೆದೊಯ್ದು ಹಕ್ಕಿ ತೋರಿಸಿದಳು. ಜಯಶೀಲ ಹೋಟೆಲಿನಿಂದ, ಹೆಂಡತಿ ರಮಾಮಣಿ ಬ್ಯಾಂಕಿನಿಂದ ಬರುವಷ್ಟರಲ್ಲಿ ಆ ಮನೆಯಲ್ಲಿ ಮಕ್ಕಳ ಊಟ ಮುಗಿದಿರುತ್ತದೆ. ಹಾಗಾಗಿ ಸಮಾಧಾನದ ಕೆಲಸಕ್ಕೆ ಬೇರೆ ಉಮೇದುವಾರರೂ ಇರಲಿಲ್ಲ.

ಈ ಸಲ ಅವಳು ಪತ್ತೇದಾರಳಂತೆ ತಯಾರಾಗಿದ್ದಳು. ಇಬ್ಬರಿಗೂ ಬೇರೆಬೇರೆ ದಿನ ಫೋನು ಮಾಡಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದ ಹಾಗೆ ವಿಚಾರಿಸಿದಳು. ನಿಕಿತಾಳಿಗೆ ವಿಕೆಟ್ ಕೀಪಿಂಗ್ ಗ್ಲೌಸು, ಮನೀಶನಿಗೆ ಬ್ರಶ್ ಪೆನ್ನುಗಳು ಮತ್ತು ಚಿತ್ರ ಬರೆಯುವ ದಪ್ಪ ಪುಸ್ತಕ. ಒಬ್ಬರ ಸಾಮಾನಿಗಾಗಿ ಇನ್ನೊಬ್ಬರು ಕಾಯಬೇಕಿಲ್ಲ. ಎರಡಕ್ಕೂ ಒಂದೇ ಅಳತೆಯ ಬೂಟಿನ ಪೆಟ್ಟಿಗೆ. ಅವರವರ ಮೆಚ್ಚಿನ ಬಣ್ಣದ ಕಾಗದ. 'ಅವಳಿಗಳಿಗೆ' ಎಂಬ ಒಂದೇ ಚೀಟಿಯ ಬದಲು ಹೆಸರು ಬರೆದ ಎರಡು ಪತ್ರ. ಒಂದು ದೊಡ್ಡ ಕೇಕಿನ ಬದಲು ಎರಡು ಪುಟ್ಟ ಕೇಕು. ಪಾಕಿಸ್ತಾನ, ಚೀನಾ ಗಡಿಗಳಲ್ಲೂ ಇಷ್ಟು ಎಚ್ಚರ ಇರಲಿಕ್ಕಿಲ್ಲ.

ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸುವಾಗಲೂ ಚೀಲಗಳನ್ನು ಎದೆಗವಚಿಕೊಂಡೇ ಇದ್ದಳು.

ಬಾಗಿಲು ತೆರೆದ ರಮಾಮಣಿ ಚೀಲ ನೋಡಿ ನಿಟ್ಟುಸಿರಿಟ್ಟಳು. "ಅಕ್ಕ, ಪೇರೆಂಟ್ಸ್ ಗ್ರೂಪಿನಲ್ಲಿ ಹೇಳ್ತಾರೆ, ಎಕ್ಸ್‌ಪೆಕ್ಟೇಶನ್ ಮ್ಯಾನೇಜ್ ಮಾಡ್ಬೇಕಂತೆ."

"ಮಾಡ್ತೇನೆ. ಮೊದಲು ಚಾಕು ಎರಡು ಕೊಡು."

ಹಾಡನ್ನು ಎರಡು ಸಲ ಹಾಡಿದರು, ಸಲಕ್ಕೊಂದು ಹೆಸರು ಹಾಕಿ. ಎರಡು ಚಾಕು ಒಟ್ಟಿಗೆ ಇಳಿದವು. ಜಯಶೀಲ ಪಂಚಾಯಿತಿಯ ಮುಖ್ಯಸ್ಥನಂತೆ ಕೈಕಟ್ಟಿ ನಿಂತಿದ್ದ. ಜಯಲತಾ ಒಂದು, ಎರಡು, ಮೂರು ಎಂದಳು. ಕಾಗದ ಒಮ್ಮೆಗೇ ಹರಿಯಿತು.

ಜಯಲತಾ ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದಳು.

"ಅತ್ತೆ! ಏಕ್‌ದಮ್ ಅಸ್ಲೀ! ನಿಜವಾದ ಕೀಪರ್‌ದೇ!" ನಿಕಿತಾ ಗ್ಲೌಸು ತೊಟ್ಟು ಸೋಫಾದಿಂದ ಜಿಗಿದಳು. ಮನೀಶ ಆಗಲೇ ನೆಲದ ಮೇಲೆ ಬೋರಲಾಗಿ ಮೊದಲ ಪುಟಕ್ಕೆ ಪೆನ್ನು ಇಳಿಸಿದ್ದ. ಒಬ್ಬರೂ ಇನ್ನೊಬ್ಬರ ಪೆಟ್ಟಿಗೆಯತ್ತ ತಿರುಗಿ ನೋಡಲಿಲ್ಲ. ಐದು ನಿಮಿಷ ಕಳೆಯಿತು, ಹತ್ತಾಯಿತು. ಅಳುವ ಲಕ್ಷಣವೇ ಇಲ್ಲ.

"ಗೆದ್ದೆ ಅಕ್ಕ," ಎಂದ ಜಯಶೀಲ. "ಮುಂದಿನ ವರ್ಷವೂ ಬಾ ಮತ್ತೆ."

ಜಯಲತಾಳಿಗೆ ಕಣ್ಣು ತುಂಬಿತು. ಅದನ್ನು ಮರೆಮಾಚಲು ಗಡಿಯಾರ ನೋಡಿದಳು. "ಹಾಗಾದ್ರೆ ನಾನು ಆರೂವರೆ ಗಾಡಿ ಹಿಡೀತೇನೆ. ಈ ಸಲ ರಜೆ ಹಾಕುವ ಅಗತ್ಯವೇ ಬೀಳ್ಲಿಲ್ಲ, ನೋಡು."

ಮನೀಶನ ಪೆನ್ನು ನಿಂತಿತು. "ಅತ್ತೆ, ಆಜ್ ಹೀ? ಇವತ್ತೇ ಹೋಗ್ತೀಯಾ?"

"ಹೌದು ಪುಟ್ಟ. ನೀವಿಬ್ಬರೂ ಖುಷಿಯಾಗಿದ್ದೀರಲ್ಲ, ನನಗಿನ್ನೇನು ಕೆಲಸ?"

ಇಬ್ಬರ ಕೆನ್ನೆಗೂ ಒಂದೊಂದೇ ಮುತ್ತು ಕೊಟ್ಟು, ಜಯಲತಾ ಗೆದ್ದ ಠೀವಿಯಲ್ಲಿ ಹೊರಬಂದು ಚಪ್ಪಲಿ ಮೆಟ್ಟಿದಳು. ಬಾಗಿಲ ಹಿಂದೆ ನಿಕಿತಾ ಹಲ್ಲು ಕಚ್ಚಿ ಪಿಸುಗುಟ್ಟುವುದು ಕೇಳಿಸಿತು.

"ಬುದ್ಧೂ, ಜಲ್ದಿ ಅಳೋ! ಈ ವರ್ಷ ನಿನ್ನ ಪಾಳಿ ಅಲ್ವಾ? ಯಾರೂ ಅಳದಿದ್ರೆ ಅತ್ತೆ ಉಳಿಯೋದೇ ಇಲ್ಲ!"