ಎರಡು ಲಿಂಬೆ ಹೋಳು

"ಮಾಂಯ್, ಮೇಜಿಗೆ ಬಿಳಿ ಬಟ್ಟೆ ಹಾಸಿಯಾಯಿತು ಅಂತ ಅವಳಿಗೆ ಹೇಳು," ಎಂದಳು ಗ್ರೆಟ್ಟಾ.

"ಅದು ಇಸ್ತ್ರಿ ಕಂಡು ವರ್ಷವಾಯಿತು ಅಂತ ನೀನು ಅವಳಿಗೆ ಹೇಳು ಮಾಂಯ್," ಎಂದಳು ತಂಗಿ ಐರಿನ್.

ಬೈಕುಲ್ಲಾದ ಚಾಳಿನಲ್ಲಿ ಹಾಸಿಗೆ ಹಿಡಿದಿದ್ದ ತಾಯಿ ಸೆವ್ರಿನ್ ಬಾಯಿ ಯಾರಿಗೂ ಏನೂ ಹೇಳಲಿಲ್ಲ. ಅಜ್ಜಿಯ ತಾಮ್ರದ ಪಾತ್ರೆಗಾಗಿ ಮುನಿಸಿಕೊಂಡ ಮಕ್ಕಳ ನಡುವೆ ಇಷ್ಟು ಕಾಲ ಅವಳೇ ಟಪಾಲು. ಡಾಕ್ಟರು ಕೈಚೆಲ್ಲಿದ್ದರು; ಕೊನೆಯ ತೈಲಲೇಪನಕ್ಕೆ ಪಾದ್ರಿ ಬರುವವರಿದ್ದರು. ಸಾವಿಗೆ ಅವಳು ಹೆದರುವವಳಲ್ಲ. ತಾನು ಕಣ್ಣು ಮುಚ್ಚಿದ ಮೇಲೆ ಇವರು ಯಾರ ಮೂಲಕ ಮಾತಾಡಿಯಾರು ಎಂಬುದೇ ಚಿಂತೆ.

ಮಾತಿಲ್ಲದವರ ತಯಾರಿಯಲ್ಲಿ, ಮಂಚಕ್ಕೆ ತಾಗಿದ ಮೇಜಿನ ಮೇಲೆ, ಎಲ್ಲವೂ ಜೋಡಿ. ಶಿಲುಬೆ ಎರಡು, ಮೇಣದ ಬತ್ತಿ ನಾಲ್ಕು, ಪವಿತ್ರ ಜಲದ ಬಟ್ಟಲು ಎರಡು, ಹತ್ತಿಯ ಉಂಡೆ ಎರಡು. ತೈಲ ಹಚ್ಚಿದ ಬೆರಳನ್ನು ಪಾದ್ರಿ ಉಜ್ಜಿಕೊಳ್ಳಲೆಂದು ಲಿಂಬೆ ಹೋಳೂ ಎರಡು. ತಾಯಿಯ ಮುಖ, ಕೈಗಳನ್ನೂ ಇಬ್ಬರೂ ಒಂದೊಂದು ಸಲ ತೊಳೆದರು.

ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳವಾಯಿತು. ಇಬ್ಬರೂ ಉರಿಯುವ ಬತ್ತಿ ಹಿಡಿದು ಬಾಗಿಲಿಗೆ ಹೋಗಿ, ಪರಮಪ್ರಸಾದ ತಂದ ಫಾದರ್ ಲೋಬೊ ಅವರನ್ನು ಮೌನವಾಗಿ ಕರೆತಂದರು. ಫಾದರ್ ಕೊರಳಲ್ಲಿದ್ದ ಪ್ರಸಾದದ ಪುಟ್ಟ ಕರಂಡಕವನ್ನು ಬಿಳಿ ಬಟ್ಟೆಯ ಮೇಲಿಟ್ಟು, ಕೋಣೆಗೆ ಪವಿತ್ರ ಜಲ ಚಿಮುಕಿಸಿ, ಮೇಜು ನೋಡಿದರು.

"ಲಿಂಬೆ ಇಡಲಿಲ್ಲವಾ? ಇರಲಿ. ಈಗ ಪಾಪನಿವೇದನೆ. ನೀವಿಬ್ಬರೂ ಹೊರಗಿರಿ."

ಬಾಗಿಲು ಮುಚ್ಚಿತು. ಗ್ಯಾಲರಿಯಲ್ಲಿ ಇಬ್ಬರೇ, ಟಪಾಲು ಒಳಗೆ.

ಸೆವ್ರಿನ್ ಬಾಯಿ ಹುಡುಗಿಯಾಗಿದ್ದಾಗ ಕದ್ದ ಗೇರುಬೀಜದಿಂದ ಶುರು ಮಾಡಿದಳು. ಕಿವಿ ಮಾತ್ರ ಬಾಗಿಲ ಕಡೆ.

"ಇನ್ನೇನಾದರೂ ಇದೆಯಾ?" ಫಾದರ್ ಕೇಳಿದರು.

"ಇದೆ ಫಾದರ್. ನೆನಪು ಮಾಡಿಕೊಳ್ತೇನೆ, ತಡೀರಿ."

ಕೊನೆಗೂ ಹೊರಗೆ ಗ್ರೆಟ್ಟಾ ಸ್ಫೋಟಿಸಿದಳು.

"ಲಿಂಬೆ ನಾನು ಇಟ್ಟಿದ್ದೆ. ನೀನೇ ತೆಗೆದದ್ದು!"

"ನಿನ್ನ ಲಿಂಬೆ ನನಗ್ಯಾಕೆ? ನನ್ನದೂ ಕಾಣ್ತಾ ಇಲ್ಲ!"

"ಸುಳ್ಳು! ಆ ಪಾತ್ರೆಯ ಹಾಗೇ ಇದೂ!"

"ಪಾತ್ರೆ ಬೇಕಾ? ನಾಳೆಯೇ ಕೊಂಡುಹೋಗು! ಅಷ್ಟು ದೊಡ್ಡದರಲ್ಲಿ ನಾನೊಬ್ಬಳೇ ಏನು ಬೇಯಿಸಿ ತಿನ್ಲಿ?"

ಐರಿನ್ ಬಿಕ್ಕುವ ಸದ್ದು ಕೇಳಿತು. ಆಮೇಲೆ ಗ್ರೆಟ್ಟಾಳ ದನಿ ಮೆಲ್ಲಗೆ ಬಂತು: "ಅಳಬೇಡ ಮಾರಾಯ್ತಿ. ಮೂಗು ಒರೆಸಿಕೋ, ಫಾದರ್ ಈಗ ಕರೀತಾರೆ."

ಸೆವ್ರಿನ್ ಬಾಯಿ ದಿಂಬಿನಡಿಯಿಂದ ಎರಡು ಲಿಂಬೆ ಹೋಳು ತೆಗೆದಳು. "ಇದೇ ಕೊನೆಯದು ಫಾದರ್. ಕಳವು."

ಫಾದರ್ ತುಟಿ ಕಚ್ಚಿ ನಗು ನುಂಗಿ, ಪಾಪಕ್ಷಮೆ ಕೊಟ್ಟು, ಬಾಗಿಲು ತೆರೆದರು. ಮಕ್ಕಳು ಒಂದೇ ಚಾಪೆಯಲ್ಲಿ ಮೊಣಕಾಲೂರಿದರು. ಫಾದರ್ ಮಾತಿಲ್ಲದೆ ಸೆವ್ರಿನ್ ಬಾಯಿಯ ತಲೆಯ ಮೇಲೆ ಕೈಯಿಟ್ಟರು. ಹಣೆಗೆ, ಆಮೇಲೆ ಎರಡು ಅಂಗೈಗಳಿಗೆ ತೈಲದಿಂದ ಶಿಲುಬೆ ಬರೆದರು. ಬೆರಳಿಗೆ ಲಿಂಬೆ ಉಜ್ಜಿಕೊಂಡು, ಕಡೆಯ ಪಯಣದ ಬುತ್ತಿಯಾಗಿ ಪರಮಪ್ರಸಾದವನ್ನು ಅವಳ ನಾಲಿಗೆಯ ಮೇಲಿಟ್ಟರು. ಐರಿನ್ ಗುಟುಕು ನೀರು ಕುಡಿಸಿದಳು. ಆಶೀರ್ವಾದಕ್ಕೆ ಎರಡು ಬಾಯಿಂದ ಒಂದೇ 'ಆಮೆನ್' ಬಂತು.

ಮೇಜು ಎತ್ತಿಡುವಾಗ ಗ್ರೆಟ್ಟಾ ಹುಬ್ಬೇರಿಸಿದಳು. "ಫಾದರ್, ಈ ಲಿಂಬೆ ಎಲ್ಲಿತ್ತು?"

ಸೆವ್ರಿನ್ ಬಾಯಿ ಸಂತಳ ಹಾಗೆ ಕಣ್ಣು ಮುಚ್ಚಿದ್ದಳು.

"ಬಾಗಿಲು ಮುಚ್ಚಿದ ಮೇಲಿನದ್ದನ್ನು ಪಾದ್ರಿಯ ಹತ್ತಿರ ಕೇಳಬಾರದು, ಮಗಳೇ," ಎಂದರು ಫಾದರ್.