ಕೊನೆಯ ಹದಿನಾರು ಪುಟ

ಪರಿಚಯದ ಜಲಜಾಕ್ಷಿ ಜಾಲತಾಣದಲ್ಲಿ ಹಾಕಿದ್ದ ಫೋಟೋ ನೋಡಿ ಕಾದಂಬರಿಕಾರ ರುದ್ರಮುನಿಗೆ ಮೈಯೆಲ್ಲ ಉರಿದುಹೋಯಿತು. ಕಾಫಿ ಲೋಟದ ಪಕ್ಕದಲ್ಲಿ ಅವನದೇ ಕಾದಂಬರಿ. ಕೆಳಗೆ ಒಕ್ಕಣೆ: 'ಈಗಷ್ಟೇ ಓದಿ ಮುಗಿಸಿದೆ. ಕೊನೆಯ ಅಧ್ಯಾಯ ಕಣ್ಣು ತೇವ ಮಾಡಿತು. ಗೆಳೆಯರೇ, ನೀವು ಓದಿ ಮುಗಿಸಿದ್ದು ಯಾವುದು? ಫೋಟೋ ಹಾಕಿ, ಐವರನ್ನು ಟ್ಯಾಗ್ ಮಾಡಿ.'

ತಕ್ಷಣ ಅವಳಿಗೆ ಫೋನ್ ಮಾಡಿದ.

"ಕೊನೇ ಅಧ್ಯಾಯ ಓದಿ ಅತ್ತುಬಿಟ್ರಾ? ನಾಚಿಕೆ ಆಗಲ್ವೇನ್ರೀ?"

"ಯಾಕೆ ಸಾರ್, ಏನಾಯ್ತು?"

"ಆ ಅಧ್ಯಾಯ ಪುಸ್ತಕದಲ್ಲೇ ಇಲ್ಲ! ಬೈಂಡಿಂಗ್ ಮಾಡೋವಾಗ ಕೊನೇ ಹದಿನಾರು ಪುಟಾನೇ ಬಿಟ್ಟುಬಿಟ್ಟಿದಾರೆ. ಒಂದು ಪ್ರತೀಲೂ ಇಲ್ಲ. ಕಥೆ ಅರ್ಧ ವಾಕ್ಯಕ್ಕೇ ನಿಂತುಹೋಗಿದೆ. ನಿನ್ನೆ ಯಾರೋ ಓದುಗರು ಫೋನ್ ಮಾಡಿ ಹೇಳಿದ್ರು. ಓದದೇ ಓದಿದೆ ಅಂತ ಊರಿಗೆಲ್ಲ ಸಾರೋದು, ಅದರ ಮೇಲೆ ಐದು ಜನಕ್ಕೆ ಆಹ್ವಾನ ಬೇರೆ!"

ಅವನ ಸಿಟ್ಟು ಇನ್ನೂ ಏರಿತು.

"ಯಾಕೆ, ಬಾಯಿ ಕಟ್ಟಿಹೋಯ್ತಾ?"

"ಇಲ್ಲ ಸಾರ್, ಹೋದ ವಾರ ನೀವು ನನ್ನನ್ನ ಟ್ಯಾಗ್ ಮಾಡಿದ್ರಲ್ಲ, ಆ ಪೋಸ್ಟ್ ಹುಡುಕ್ತಿದ್ದೆ. ಸಿಕ್ತು," ಎಂದು ಅವಳು ನಿಧಾನವಾಗಿ ಓದಿದಳು: "'ಅಚ್ಚಾಗಿ ಬಂದ ನನ್ನ ಕಾದಂಬರಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಈಗಷ್ಟೇ ಮುಗಿಸಿದೆ. ಗೆಳೆಯರೇ, ನೀವು ಓದಿ ಮುಗಿಸಿದ್ದು ಯಾವುದು?'"